ಅವ್ವನ ಅಸಲಿನಲ್ಲಿ ಕಡಿಮೆಯಾದ ಹನ್ನೆರಡು ಸಾವಿರ

"ನಾಕು ಲಕ್ಷ ಇಟ್ಟು, ಒಂದೂವರಿ ವರ್ಷ ಬಿಟ್ಟು ಹೋದ್ರ, ಮೂರು ಲಕ್ಷ ಎಂಬತ್ತೆಂಟು ಸಾವಿರ ಹೆಂಗ ಬರ್ತದ ಬೇ?" ಎಂದು ಅವ್ವ ಫೋನಿನಲ್ಲಿ ಕೇಳಿದಾಗ ನಾನು ಮಾನ್ವಿಯಲ್ಲಿ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ನಾನು ವಿಜ್ಞಾನದ ಮೇಡಂ. ವಸ್ತು ಸುಮ್ಮಸುಮ್ಮನೆ ನಾಶವಾಗುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದವಳು.

ಅವ್ವ ದೇವದುರ್ಗದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಓದು ಬರಹ ಬರುವುದಿಲ್ಲ, ಆದರೆ ಅಳತೆಯಲ್ಲಿ ಅವಳನ್ನು ಯಾಮಾರಿಸಿದವರಿಲ್ಲ. ಬಂದ ದುಡ್ಡಿನಲ್ಲಿ ನಾಲ್ಕು ಲಕ್ಷವನ್ನು ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂರು ವರ್ಷದ ಮುದ್ದತಿಗೆ ಇಟ್ಟಿದ್ದಳು. ಹಿರಿಯ ನಾಗರಿಕರಿಗೆ ಏಳೂವರೆ ಬಡ್ಡಿ. ಮೂರು ತಿಂಗಳಿಗೊಮ್ಮೆ ಏಳು ಸಾವಿರದ ಐನೂರು ಅವಳ ಉಳಿತಾಯ ಖಾತೆಗೆ ಬೀಳುತ್ತಿತ್ತು. ಮನೆಯ ಹಿತ್ತಲಿಗೆ ಹೊಂದಿದ ಜಾಗ ಮಾರಾಟಕ್ಕೆ ಬಂದಾಗ ಠೇವಣಿ ಮುರಿಸುವುದೆಂದು ನಿಶ್ಚಯವಾಯಿತು. ಅದರಲ್ಲೂ ಅವ್ವ ಜಾಣತನ ಮಾಡಿದಳು. ಆರನೇ ಬಡ್ಡಿ ಬೀಳಲು ಹದಿನೈದು ದಿನ ಇತ್ತು, ಅದು ಬಿದ್ದ ದಿನವೇ ಹೋಗಿ ಮುರಿಸಿದಳು. ಬಡ್ಡಿಯೂ ಸಿಕ್ಕಿತು, ಅಸಲೂ ಸಿಗುತ್ತದೆ ಎಂದು ಅವಳ ಲೆಕ್ಕ.

ಸಿಕ್ಕಿದ್ದು ಹನ್ನೆರಡು ಸಾವಿರ ಕಡಿಮೆ. ನನ್ನ ತಮ್ಮ ಕೈಗಡ ತಂದು ಜಾಗದ ವ್ಯವಹಾರವನ್ನೇನೋ ಮುಗಿಸಿದ. ಆದರೆ ಅವ್ವನ ತಲೆಯಲ್ಲಿ ಅದು ಮುಗಿಯಲಿಲ್ಲ.

"ಅಕ್ಕಿ ಬೇಯ್ಸಿದ್ರ ಹೆಚ್ಚಾಗ್ತದ. ಕಮ್ಮಿ ಆತಂದ್ರ ಯಾರೋ ತಿಂದಾರ," ಎಂದಳು.

ಆ ಯಾರೋ ಯಾರೆಂದು ನನಗೆ ಕೇಳದೆಯೇ ಗೊತ್ತಾಯಿತು. ಬ್ಯಾಂಕಿಗೆ ಕರೆದುಕೊಂಡು ಹೋದವಳು, ಅರ್ಜಿ ತುಂಬಿದವಳು, ಹೆಬ್ಬೆಟ್ಟು ಒತ್ತಿಸಿದವಳು ತಮ್ಮನ ಹೆಂಡತಿ. ಅವಳ ತವರು ಸಿರವಾರ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಗುಮಾಸ್ತನೂ ಸಿರವಾರದವನೇ. ಅವ್ವನಿಗೆ ಅಷ್ಟು ಸಾಕಾಗಿತ್ತು. ತಮ್ಮ ಬಸ್ ಕಂಡಕ್ಟರ್, ಡ್ಯೂಟಿಯಿಂದ ಬಂದರೆ ಎರಡು ಕಡೆಯವರ ಮೋರೆಯನ್ನೂ ನೋಡದೆ ಮಲಗಿಬಿಡುತ್ತಿದ್ದನಂತೆ.

ನಾನೂ ಏನು ಕಡಿಮೆಯವಳಲ್ಲ. ಡಬ್ಬಿ ಪಕ್ಕಕ್ಕೆ ಸರಿಸಿ ಹಾಜರಿ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಮುಂಚೆ ಮುರಿದರೆ ಶೇಕಡಾ ಒಂದು ದಂಡ ಎಂದು ಎಲ್ಲೋ ಕೇಳಿದ್ದೆ. ನಾಲ್ಕು ಲಕ್ಷಕ್ಕೆ ಶೇಕಡಾ ಒಂದು ಎಂದರೆ ನಾಲ್ಕು ಸಾವಿರ. ಹಾಗಾದರೆ ಉಳಿದ ಎಂಟು ಸಾವಿರ ಎಲ್ಲಿ? ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನನ್ನ ಮನಸ್ಸೂ ಸಿರವಾರದ ಕಡೆಗೇ ಹೋಯಿತು. ಅವಳು ಹಾಗಲ್ಲ ಎಂದು ಒಂದು ಮಾತು ಅವ್ವನಿಗೆ ಹೇಳಲಿಲ್ಲ. ಅದು ನನಗೆ ಈಗಲೂ ನಾಚಿಕೆ.

ಶನಿವಾರ ಬೆಳಗಿನ ಶಾಲೆಗೆ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಮನೆಗೆ ಹೋದರೆ ತಮ್ಮನ ಹೆಂಡತಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು.

"ಎಲ್ಲಿಗೆ?" ಎಂದೆ.

"ನಮ್ಮೂರಿಗ್ರಿ ಅಕ್ಕಾ. ಕಳ್ಳಿ ಅನಿಸ್ಕೊಂಡು ಈ ಮನ್ಯಾಗ ನಾ ರೊಟ್ಟಿ ಬಡಿಯಂಗಿಲ್ಲ."

"ನಾನು ಬಂದೀನಲ್ಲ. ಲೆಕ್ಕ ನೋಡೂಣು, ಆಮ್ಯಾಲೆ ಹೋಗು."

"ಲೆಕ್ಕ ನೋಡಾಕ ಬಂದೀರೋ, ನನ್ನ ನೋಡಾಕ ಬಂದೀರೋ?" ಎಂದಳು. ನಾನು ಪಾಸ್‌ಬುಕ್ ಕೇಳಿದೆ.

ಪಾಸ್‌ಬುಕ್ಕಿನಲ್ಲಿ ಮೂರು ಲಕ್ಷ ಎಂಬತ್ತೆಂಟು ಸಾವಿರವೇ ಜಮಾ ಆಗಿತ್ತು. ನಡುವೆ ಯಾರ ಕೈಗೂ ದುಡ್ಡು ಹೋಗಿರಲಿಲ್ಲ. ಅವ್ವನಿಗೆ ತೋರಿಸಿದೆ. "ಬರಿಯೋರು ಅವ್ರ, ಓದೋರೂ ಅವ್ರ," ಎಂದು ಮುಖ ತಿರುಗಿಸಿದಳು. ತೆರಿಗೆ ಹಿಡಿದಿದ್ದಾರೋ ಎಂದು ಸಾಲು ಸಾಲು ನೋಡಿದೆ. ಇಲ್ಲ, ಆರು ಸಲವೂ ಬಡ್ಡಿ ಪೂರ್ತಿ ಬಿದ್ದಿತ್ತು. ಈಗ ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಕದ್ದವರಿಲ್ಲ, ಕಡಿಮೆಯಂತೂ ಆಗಿದೆ. ಇದು ಯಾವ ಸೀಮೆಯ ಗಣಿತ?

"ಮುರಿಸುವಾಗ ರಸೀದಿ ಬ್ಯಾಂಕಿಗೆ ಕೊಟ್ಟಿರ್ತೀರಿ, ಇನ್ನೇನು ನೋಡೋದು," ಎಂದು ಗೊಣಗಿಕೊಂಡೆ. ತಮ್ಮನ ಹೆಂಡತಿ ತನ್ನ ಫೋನು ಮುಂದೆ ಹಿಡಿದಳು. ಕೊಡುವ ಮೊದಲೇ ರಸೀದಿಯ ಎರಡೂ ಬದಿಯ ಫೋಟೊ ತೆಗೆದಿಟ್ಟಿದ್ದಳು. ಕದಿಯುವವರು ಇಂಥ ಕೆಲಸ ಮಾಡುತ್ತಾರೆಯೇ? ಇದನ್ನಾದರೂ ನಾನು ಬಾಯಿಬಿಟ್ಟು ಹೇಳಬೇಕಿತ್ತು.

ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಶರತ್ತುಗಳಿದ್ದವು. ದೊಡ್ಡದು ಮಾಡಿ ಓದಿದೆವು. ಮುದ್ದತಿಗೆ ಮೊದಲು ಮುರಿಸಿದರೆ ಹಣ ಎಷ್ಟು ದಿನ ಇತ್ತೋ ಅಷ್ಟು ಅವಧಿಗೆ, ಠೇವಣಿ ಇಟ್ಟ ದಿನ ಯಾವ ದರ ಇತ್ತೋ ಅದು ಅಥವಾ ಒಪ್ಪಿದ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದರಲ್ಲಿ ಮತ್ತೆ ಶೇಕಡಾ ಒಂದು ಕಡಿತ. ಈಗಾಗಲೇ ಹೆಚ್ಚು ಕೊಟ್ಟ ಬಡ್ಡಿ ಇದ್ದರೆ ಅಸಲಿನಿಂದ ವಸೂಲಿ.

ನನ್ನ ನಾಲ್ಕು ಸಾವಿರದ ದಂಡ ಅಲ್ಲಿಗೇ ಬಿದ್ದುಹೋಯಿತು. ಶೇಕಡಾ ಒಂದನ್ನು ಅಸಲಿನಲ್ಲಿ ಒಮ್ಮೆ ಕತ್ತರಿಸುವುದಲ್ಲ, ಬಡ್ಡಿಯ ದರದಲ್ಲೇ ಕತ್ತರಿಸುವುದು. ಅಂದರೆ ವರ್ಷಕ್ಕೆ ನಾಲ್ಕು ಸಾವಿರದಂತೆ ಒಂದೂವರೆ ವರ್ಷಕ್ಕೆ ಆರು ಸಾವಿರ. ಮಕ್ಕಳು ಇಂಥ ತಪ್ಪು ಮಾಡಿದರೆ ನಾನು ಬೆಂಚಿನ ಮೇಲೆ ನಿಲ್ಲಿಸುವವಳು.

ಮೂವರೂ ಬ್ಯಾಂಕಿಗೆ ಹೋದೆವು. ಆ ಶನಿವಾರ ಬ್ಯಾಂಕು ತೆರೆದಿತ್ತು. ಗುಮಾಸ್ತ ನಮ್ಮನ್ನು ನೋಡಿದ್ದೇ ಎದ್ದು ನಿಂತ. "ಬರ್ರಿ ಯವ್ವಾ, ಕುಂದರ್ರಿ," ಎಂದು ತನ್ನ ಲೆಕ್ಕದ ಚೀಟಿ ತೆಗೆದ. ಐದೂವರೆ ದರದಲ್ಲಿ ಒಂದೂವರೆ ವರ್ಷಕ್ಕೆ ಮೂವತ್ತಮೂರು ಸಾವಿರ. ಅವ್ವನಿಗೆ ಆಗಲೇ ಹೋದದ್ದು ಆರು ಸಲ ಏಳೂವರೆ ಸಾವಿರ, ಒಟ್ಟು ನಲವತ್ತೈದು. ಹೆಚ್ಚಾದ ಹನ್ನೆರಡು ಸಾವಿರ ಅಸಲಿನಲ್ಲಿ ಕಡಿತ. ಕೂಡಿಸುವುದು ಕಳೆಯುವುದು ಎಲ್ಲ ಸರಿಯಾಗಿತ್ತು.

"ಐದೂವರೆ ಎಲ್ಲಿಂದ ಬಂತು?" ಎಂದೆ.

ಅವನು ಗೋಡೆಯ ಮೇಲಿನ ದರಪಟ್ಟಿ ತೋರಿಸಿದ. ಒಂದರಿಂದ ಎರಡು ವರ್ಷದ ಸಾಲಿನಲ್ಲಿ ಹಿರಿಯರಿಗೆ ಆರೂವರೆ ಎಂದಿತ್ತು. "ಅದ್ರಾಗ ಒಂದು ತೆಗೀರಿ ಮೇಡಂ, ಐದೂವರಿ. ಕಂಪ್ಯೂಟರಿಗೆ ಈ ದರ ನಾವೇ ಹಾಕ್ಬೇಕು. ಸರಿಯಾಗಿ ನೋಡೇ ಹಾಕೀನಿ."

ನನಗೂ ಸರಿ ಅನ್ನಿಸಿತು. ಎದ್ದು ಹೊರಡಲು ಚೀಲ ಹೆಗಲಿಗೇರಿಸಿದೆ. ಆಗ ತಮ್ಮನ ಹೆಂಡತಿ ಗೋಡೆಯ ಹತ್ತಿರ ಹೋಗಿ ನಿಂತಳು.

"ಈ ಹಾಳಿ ಬಿಳೀದು ಅದರಿ. ನಾವು ರೊಕ್ಕ ಇಟ್ಟ ದಿನ ಇಲ್ಲಿ ಗುಲಾಬಿ ಹಾಳಿ ಇತ್ತು. ಅತ್ತಿಯವ್ರಿಗೆ ಓದಿ ಹೇಳ್ದಾಕಿ ನಾನ. ಮೂರು ವರ್ಷಕ್ಕ ಏಳೂವರಿ ಅಂತ."

ಎಲ್ಲರೂ ಗೋಡೆ ನೋಡಿದೆವು. ಬಿಳಿ ಹಾಳೆಯ ಅಂಚಿನಲ್ಲಿ ಬೆರಳಗಲದ ಗುಲಾಬಿ ಇಣುಕುತ್ತಿತ್ತು. ಬಡ್ಡಿ ಬದಲಾದಾಗಲೆಲ್ಲ ಹಳೆಯದನ್ನು ಕೀಳದೆ ಅದರ ಮೇಲೇ ಹೊಸದನ್ನು ಪಿನ್ನು ಹೊಡೆಯುವುದು ಆ ಬ್ಯಾಂಕಿನ ಪದ್ಧತಿ. ಮ್ಯಾನೇಜರ್ ತಮ್ಮ ಕೋಣೆಯಿಂದ ಎದ್ದು ಬಂದು ಪಿನ್ನು ಕಿತ್ತರು. ಬಿಳಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಗುಲಾಬಿ. ಗುಲಾಬಿ ಹಾಳೆಯ ಮೇಲಿನ ತಾರೀಖು ಅವ್ವ ಠೇವಣಿ ಇಡುವುದಕ್ಕೆ ಒಂದು ತಿಂಗಳು ಹಿಂದಿನದು, ಹಳದಿಯದು ಇಟ್ಟ ಮೇಲಿನದು. ಗುಲಾಬಿಯಲ್ಲಿ ಒಂದರಿಂದ ಎರಡು ವರ್ಷಕ್ಕೆ, ಹಿರಿಯರಿಗೆ, ಏಳು. ನಡುವೆ ಬಡ್ಡಿ ಇಳಿದಿತ್ತು. ಗುಮಾಸ್ತ ಇಟ್ಟ ದಿನದ ದರ ನೋಡುವ ಬದಲು ಮುರಿಸಿದ ದಿನದ ದರ ನೋಡಿದ್ದ.

ಮ್ಯಾನೇಜರ್ ರಾಯಚೂರಿನ ಮುಖ್ಯ ಕಚೇರಿಗೆ ಫೋನು ಹಚ್ಚಿ, ಹಳೆಯ ಸುತ್ತೋಲೆಯನ್ನೂ ತರಿಸಿಕೊಂಡು ನೋಡಿದರು. ಏಳರಲ್ಲಿ ಒಂದು ಹೋದರೆ ಆರು. ಒಂದೂವರೆ ವರ್ಷಕ್ಕೆ ಮೂವತ್ತಾರು ಸಾವಿರ. ಕಡಿತ ಆಗಬೇಕಾದದ್ದು ಒಂಬತ್ತು ಸಾವಿರ, ಆಗಿದ್ದು ಹನ್ನೆರಡು. "ತಪ್ಪು ನಮ್ದರಿ ಯವ್ವಾ. ಮೂರು ಸಾವಿರ ಇವತ್ತೇ ಜಮಾ ಮಾಡ್ತೀವಿ," ಎಂದರು. ಗುಮಾಸ್ತ ತಲೆ ತಗ್ಗಿಸಿದ. ನನಗಂತೂ ಹಬ್ಬ ಬಂದಷ್ಟು ಖುಷಿಯಾಯಿತು. ತಮ್ಮನ ಹೆಂಡತಿಯ ಬೆನ್ನು ತಟ್ಟಿದೆ. ಅವಳು ನಗಲಿಲ್ಲ.

ಅವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಮೂರು ಬಂತು. ಇನ್ನ ಒಂಬತ್ತು?"

"ಅದು ಎಲ್ಲೂ ಹೋಗಿಲ್ಲರಿ ಯವ್ವಾ," ಎಂದ ಗುಮಾಸ್ತ, ತುಂಬಾ ಮೆಲ್ಲಗೆ. "ನಿಮ್ಗ ಮೊದ್ಲೇ ಕೊಟ್ಟೀವಿ. ಮೂರು ವರ್ಷ ಇಡ್ತೀರಂತ ಏಳೂವರಿ ಸಾವಿರ ಕೊಟ್ವಿ. ಅರ್ಧಕ್ಕ ಮುರಿಸಿದ್ರಿ, ಅದಕ್ಕ ಆರು ಸಾವಿರನ ಕೊಡ್ಬೇಕಿತ್ತು. ಸಲಕ್ಕ ಒಂದೂವರಿ ಸಾವಿರ ಹೆಚ್ಚಿಗಿ ಬಂದದ. ಆರು ಸಲ. ಅದನ್ನ ಈಗ ಹಿಂದಕ್ಕ ತಗೊಂಡೀವಿ."

ಅವ್ವ ಬೆರಳು ಮಡಚಿ ಎಣಿಸಿದಳು. "ಹಂಗಂದ್ರ ತಿಂದಾಕಿ ನಾನ," ಎಂದಳು.

"ನೀನೆಲ್ಲಿ ತಿಂದಿ?" ಎಂದು ನಗುತ್ತಾ ಕೇಳಿದೆ ನಾನು. ಅವ್ವ ಹೊಸ ಸೀರೆ ಉಟ್ಟು ಎಷ್ಟು ವರ್ಷವಾಗಿತ್ತೋ. ಬಡ್ಡಿ ಬಿದ್ದಾಗೆಲ್ಲ ಅವಳು ಏನು ಮಾಡುತ್ತಿದ್ದಳು ಎಂಬುದು ಆವರೆಗೆ ನನ್ನ ತಲೆಗೇ ಬಂದಿರಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡಳು. ತಮ್ಮನ ಹೆಂಡತಿ ಕಿಟಕಿಯ ಆಚೆ ನೋಡತೊಡಗಿದಳು. ಆಗ ನನಗೆ ಹೊಳೆಯಿತು. ಮೂರು ತಿಂಗಳಿಗೊಮ್ಮೆ ನಾನು ತವರಿಗೆ ಬರುತ್ತಿದ್ದೆ. ಹೊರಡುವಾಗ ಅವ್ವ ನನ್ನ ಮಡಿಲಿಗೆ ಉಡಿ ತುಂಬುತ್ತಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆಯ ಕಣ, ಅದರೊಳಗೆ ಮಡಚಿದ ನೋಟು. ಎರಡು ಸಾವಿರ ಇರುತ್ತಿತ್ತು. ಠೇವಣಿ ಇಟ್ಟ ಮೇಲೆ ಆರು ಸಲ ಬಂದಿದ್ದೆ. ಆರೆರಡ್ಲೆ ಹನ್ನೆರಡು.

ಸಂಬಳದ ಮೇಡಂ ನಾನು. ಅವ್ವನಿಗೆ ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆದರೆ ಪ್ರತಿ ಸಲ ಬ್ಯಾಂಕಿನಿಂದ ಆ ದುಡ್ಡು ಬಿಡಿಸಿ ತಂದು, ಮಡಚಿ, ಕಣದೊಳಗೆ ಇಡುತ್ತಿದ್ದವಳು ತಮ್ಮನ ಹೆಂಡತಿ. ಯಾರು ತಿಂದರು ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ ಆ ಹನ್ನೆರಡು ಸಾವಿರದ ಮಾತು ಅವಳ ನಾಲಿಗೆಯ ತುದಿಯಲ್ಲಿ ಇದ್ದಿರಲೇಬೇಕು. ಕಳ್ಳಿ ಅನ್ನಿಸಿಕೊಂಡಳೇ ಹೊರತು ಅದನ್ನು ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಪಾಸ್‌ಬುಕ್ಕನ್ನು ಅವಳ ಕೈಗೆ ಕೊಟ್ಟು, "ಇದು ನಿನ್ನ ಹತ್ರನ ಇರ್ಲಿ. ನನ್ನ ಬಾಯಿ ಸುಡ್ಲಿ," ಎಂದಳು. ಅವಳು ಅದನ್ನು ಒಳಗಿಟ್ಟು ಬಂದು ಬ್ಯಾಗಿನಿಂದ ಬಟ್ಟೆ ತೆಗೆದಳು. ನನಗೆ ಕ್ಷಮೆ ಕೇಳಲು ಅಷ್ಟು ಸುಲಭದ ಮಾತು ಸಿಗಲಿಲ್ಲ. ಸಂಜೆ ಬಸ್ಸಿಗೆ ಹೊರಟಾಗ ಅವಳೇ ಮೊರದಲ್ಲಿ ಅಕ್ಕಿ ತಂದು ಉಡಿ ತುಂಬಿದಳು. ಕಣದೊಳಗೆ ಈ ಸಲವೂ ನೋಟಿತ್ತು. ನಾನು ಅದನ್ನು ಬಿಡಿಸಿ ಹೊರಗೆ ತೆಗೆದೆ, "ಇದು ಎಷ್ಟು, ಎಲ್ಲೀದು ಹೇಳು ಮೊದ್ಲು," ಎಂದೆ.

ಅವಳು ನನ್ನ ಕೈಯಿಂದ ನೋಟು ತೆಗೆದುಕೊಂಡು ಮತ್ತೆ ಅಕ್ಕಿಯೊಳಗೆ ತುರುಕಿ ನನ್ನ ಸೆರಗಿಗೆ ಗಂಟು ಹಾಕಿದಳು.

"ಉಡಿ ಎಣಿಸಬಾರ್ದರಿ ಅಕ್ಕಾ," ಎಂದಳು.