ಒಂದೇ ಕೊಕ್ಕೆಗೆ ಜೋತುಬಿದ್ದ ಪೆಟ್ಟಿಗೆ

ಚೇಳೂರಿನ ಗಂಗರಾಜು ಗುಬ್ಬಿಯಿಂದ ಹಳ್ಳಿಗಳಿಗೆ ಡ್ರೋನಿನಲ್ಲಿ ಔಷಧಿ ಕಳಿಸುವವನು. ಧೈರ್ಯವಂತನೆಂದು ಅವನನ್ನು ಯಾರೂ ಹೊಗಳಬೇಡಿ. ಪ್ರತಿ ಹಾರಾಟದಲ್ಲೂ ಅವನ ಬಾಯಿ ಒಣಗುತ್ತದೆ.

ಆಯುಧಪೂಜೆಯ ಮಾರನೇ ದಿನ ಡ್ರೋನ್ ಹಾಗಲವಾಡಿ ಆಸ್ಪತ್ರೆಯ ಮೈದಾನದ ಮೇಲೆ, ಆಳೆತ್ತರದಲ್ಲಿ ನಿಂತಿತು. ಗುಬ್ಬಿಯಲ್ಲಿ ಪರದೆ ನೋಡುತ್ತ ಕೂತಿದ್ದ ಗಂಗರಾಜು ಗುಂಡಿ ಒತ್ತಿದ. ಔಷಧಿ ಪೆಟ್ಟಿಗೆಯನ್ನು ಹಿಡಿದಿದ್ದ ಎರಡು ಕೊಕ್ಕೆಗಳಲ್ಲಿ ಬಲಗಡೆಯದು ಮಾತ್ರ ತೆರೆಯಿತು. ಪೆಟ್ಟಿಗೆ ಎಡಗೊಕ್ಕೆಗೆ ಜೋತುಬಿತ್ತು. ಭಾರವೆಲ್ಲ ಅತ್ತ ಸರಿದು ಡ್ರೋನ್ ವಾಲಿತು. ಅದನ್ನು ಎತ್ತಿ ಹಿಡಿಯಲು ಎಡಗಡೆಯ ಮೋಟಾರುಗಳು ಹೆಣಗಾಡಿದವು. ಕೆಳಗೆ ನರ್ಸ್ ಮಂಗಳಗೌರಿ ಕೈ ಚಾಚಿ ಓಡಿಬಂದಳು.

"ಹತ್ರ ಬರ್ಬೇಡಿ ಸಿಸ್ಟರ್! ರೆಕ್ಕೆ ಕೈ ಕತ್ತರ್ಸ್‌ಬುಡ್ತದೆ!" ಎಂದು ಗಂಗರಾಜು ಫೋನಿನಲ್ಲಿ ಅರಚಿದ.

"ಹಾವು ಕಚ್ಚಿರೋ ಮಗು ಒಳಗದೆ ಕಣಪ್ಪ!"

ಗಂಗರಾಜು ಡ್ರೋನನ್ನು ಇಂಚಿಂಚಾಗಿ ಇಳಿಸಿದ. ಪೆಟ್ಟಿಗೆ ನೆಲಕ್ಕೆ ತಾಗಿ ಕೊಕ್ಕೆಯ ಮೇಲಿನ ಭಾರ ಇಳಿದಾಗ ಮತ್ತೆ ಗುಂಡಿ ಒತ್ತಿದ. ಕೊಕ್ಕೆ ಬಿಟ್ಟಿತು. ಹಗುರಾದ ಡ್ರೋನ್ ಚಂಗನೆ ಮೇಲಕ್ಕೆ ನೆಗೆಯಿತು. ಮಂಗಳಗೌರಿ ಪೆಟ್ಟಿಗೆ ಎತ್ತಿಕೊಂಡು ಓಡಿದಳು.

ಡ್ರೋನ್ ಮರಳಿದ ಮೇಲೆ ಗಂಗರಾಜು ಎಡಗೊಕ್ಕೆಯನ್ನು ಬಿಚ್ಚಿದ. ಒಳಗೆ ಅರಿಸಿನ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಕೊಕ್ಕೆ ಎಂದೂ ಕೈಕೊಡದಿರಲೆಂದು ಹಿಂದಿನ ದಿನ ಪೂಜೆಯಲ್ಲಿ ಅವನೇ, ಇದಕ್ಕೆ ಎರಡು ಸಲ, ಭಕ್ತಿಯಿಂದ ಬಳಿದಿದ್ದ.