ನಾಲ್ಕನೇ ಪ್ಯಾರಾದ ‘ನೋಟಬಲ್’

ಕೊಲಂಬೊದ ನಮ್ಮ ಇಂಜಿನಿಯರಿಂಗ್ ಸಲಹಾ ಕಚೇರಿಯಲ್ಲಿ ಇಂಗ್ಲಿಷು ನೆಟ್ಟಗೆ ಗೊತ್ತಿದ್ದವರು ಒಬ್ಬರೇ, ಪಿಯಸೀಲಿ ವೀರಕ್ಕೊಡಿ ಎಂಬಾಕೆ. ಮೂವತ್ತು ವರ್ಷದ ಹಿಂದೆ ಟೈಪಿಸ್ಟಾಗಿ ಸೇರಿದವರು. ಸಂಬಳದ ಪಟ್ಟಿಯಲ್ಲಿ ಕೊನೆಯವರೆಗೂ ಟೈಪಿಸ್ಟೇ. ಆದರೆ ಹೊರಗೆ ಹೋಗುವ ಪ್ರತಿ ವರದಿಯೂ ಅವರ ಕೈಯಿಂದ ತಿದ್ದಿಸಿಕೊಂಡೇ ಹೋಗಬೇಕು. ನಾನು ಪಕ್ಕದ ಮೇಜಿನ ನಕ್ಷೆಗಾರ. ನಮ್ಮ ನಿರ್ದೇಶಕ ರೋಹಾನ್ ಅತುಕೋರಲನಿಗೆ ಡಾಕ್ಟರೇಟ್ ಇತ್ತು, ರೇಷ್ಮೆ ಟೈಗಳಿದ್ದವು, ವಿಲಾಯಿತಿಯಿಂದ ತಂದ ಒಂದು ದಪ್ಪ ಸಮಾನಾರ್ಥಕ ಕೋಶವಿತ್ತು. ತಲೆಯೊಂದು ಇರಲಿಲ್ಲ.

ನೂರೆಂಬತ್ತು ಪುಟದ ವರದಿಯನ್ನು ನಾವು ಕಳಿಸುವ ನೀರಾವರಿ ಇಲಾಖೆಯಲ್ಲಿ ಯಾರೂ ಓದುವುದಿಲ್ಲ. ಓದುವುದು ಮೊದಲಿನ ಎರಡು ಪುಟದ ಸಾರಾಂಶ ಮಾತ್ರ. ಅದನ್ನೂ ಒಬ್ಬ ಗುಮಾಸ್ತ ಪೆನ್ಸಿಲ್ ಹಿಡಿದು ಓದಿ ವಿಂಗಡಿಸುತ್ತಾನೆ. ‘ಕ್ರಿಟಿಕಲ್’ ಎಂದಿದ್ದರೆ ಈ ವರ್ಷದ ಕೆಲಸ. ‘ಎಸೆನ್ಶಿಯಲ್’, ‘ಕೀ’, ‘ಸಿಗ್ನಿಫಿಕೆಂಟ್’ ಎಂದಿದ್ದರೆ ಮುಂದಿನ ವರ್ಷದ್ದು. ‘ನೋಟಬಲ್’ ಎಂದಿದ್ದರೆ, ಗಮನಿಸಲಾಗಿದೆ ಎಂದು ಬರೆದು ಫೈಲಿಗೆ. ದೊಡ್ಡ ದೊಡ್ಡ ಅಧಿಕಾರಿಗಳು ಆ ಗುಮಾಸ್ತನ ಪೆನ್ಸಿಲ್ ಗೀಟಿನ ಮೇಲೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ಇದನ್ನು ಆಡಳಿತ ಎನ್ನುತ್ತಾರೆ.

ಪಿಯಸೀಲಿಗೆ ಇದೆಲ್ಲ ಗೊತ್ತಿತ್ತು. ಹಾಗಾಗಿ ಆ ಮಾತುಗಳನ್ನು ಅವರು ಅಕ್ಕಸಾಲಿಗನ ಹಾಗೆ ತೂಗಿ ಹಾಕುತ್ತಿದ್ದರು. ತಡಮಾಡಿದರೆ ಎಲ್ಲ ಕೈಬಿಟ್ಟು ಹೋಗುತ್ತದೆ ಅನ್ನುವಂಥದ್ದಕ್ಕೆ ಮಾತ್ರ ‘ಕ್ರಿಟಿಕಲ್’. ‘ಎಸೆನ್ಶಿಯಲ್’ ಅಂದರೆ ಅದಿಲ್ಲದೆ ಕೆಲಸವೇ ಆಗದು, ಆದರೆ ಅವಸರವಿದೆ ಎಂದು ಅದು ಹೇಳುವುದಿಲ್ಲ. ‘ಕೀ’ ಅಂದರೆ ಹಲವುಗಳಲ್ಲಿ ಮುಖ್ಯವಾದದ್ದು. ‘ಸಿಗ್ನಿಫಿಕೆಂಟ್’ ಅಂದರೆ ಅಳೆದು ತೋರಿಸುವಷ್ಟು ದೊಡ್ಡದು. ಆ ಮಾತು ಬರೆದುಕೊಂಡು ಬಂದ ಇಂಜಿನಿಯರನ್ನು, ಎಷ್ಟು ಇಂಚು ಎಂದು ಕೇಳಿ ವಾಪಸ್ಸು ಕಳಿಸುತ್ತಿದ್ದರು. ‘ನೋಟಬಲ್’ ಅಂದರೆ ಕಣ್ಣು ಹಾಯಿಸಬೇಕಾದದ್ದು, ಕೈ ಹಾಕಬೇಕಾದದ್ದಲ್ಲ.

ಆ ವರ್ಷ ಮೇ ತಿಂಗಳಲ್ಲಿ ಅನುರಾಧಪುರದ ಆಚೆಯ ಗಲ್ಕಿರಿಯವೆವ ಎಂಬ ಹಳೆಯ ಕೆರೆಯ ವರದಿ ತಯಾರಾಯಿತು. ಕೆರೆ ದಂಡೆಯಲ್ಲೇ ಎರಡು ತಿಂಗಳು ಠಿಕಾಣಿ ಹೂಡಿದ್ದ ಇಂಜಿನಿಯರ್ ಶಿವನೇಸನ್ ಒಂದು ವಿಷಯ ಬರೆದಿದ್ದ. ತೂಬಿನ ಪಕ್ಕ, ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ. ಮೊದಲು ತಿಳಿಯಾಗಿದ್ದದ್ದು ಈಗ ಕದಡಿ ಬರುತ್ತಿದೆ. ಮಣ್ಣಿನ ಏರಿ ಅಂದಮೇಲೆ ಅಷ್ಟಿಷ್ಟು ಜಿನುಗುತ್ತದೆ, ತಿಳಿನೀರಾದರೆ ಅಷ್ಟು ಭಯವಿಲ್ಲ. ಕದಡಿದ ನೀರು ಬಂತೆಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಅಕ್ಟೋಬರಿನ ಮಳೆಗೆ ಮೊದಲು ನೀರು ಇಳಿಸಿ, ಬುಡಕ್ಕೆ ಮರಳು ಜಲ್ಲಿಯ ಪದರ ಹಾಕಿ ಗಟ್ಟಿಮಾಡಬೇಕು. ಏರಿಯ ಕೆಳಗೆ ನಲವತ್ತೊಂದು ಮನೆ. ಶಿವನೇಸನ್ ಬರೆದದ್ದು ‘ಕ್ರಿಟಿಕಲ್’. ಪಿಯಸೀಲಿ ಅದನ್ನು ಮುಟ್ಟಲಿಲ್ಲ, ಮೊದಲ ಪ್ಯಾರಾಕ್ಕೆ ತಂದಿಟ್ಟರು.

ಅತುಕೋರಲ ಮುಟ್ಟಿದ. ಇಲಾಖೆಯ ಕಾರ್ಯದರ್ಶಿಗೆ ಕೆರೆ ದಂಡೆಯಲ್ಲೊಂದು ವೀಕ್ಷಣಾ ಗೋಪುರ ಕಟ್ಟಿಸುವ ಆಸೆಯಿತ್ತು. ಆ ಗೋಪುರ ಮೊದಲ ಪ್ಯಾರಾಕ್ಕೆ ಏರಿತು, ಜಿಲ್ಲೆಯ ಪ್ರವಾಸೋದ್ಯಮಕ್ಕೆ ‘ಕ್ರಿಟಿಕಲ್’ ಎಂಬ ಕಿರೀಟ ಹೊತ್ತುಕೊಂಡು. ಈ ಮಹಾಶಯನಿಗೆ ಇನ್ನೊಂದು ಖಯಾಲಿ: ಒಂದೇ ಮಾತು ಒಂದು ಪುಟದಲ್ಲಿ ಎರಡು ಸಲ ಬಂದರೆ ಭಾಷೆ ಬಡವಾಗುತ್ತದಂತೆ. ಕೋಶ ತೆಗೆದು ಬಟ್ಟೆ ಅಂಗಡಿಯಲ್ಲಿ ಬಣ್ಣ ಆರಿಸುವವರ ಹಾಗೆ ಬೆರಳಾಡಿಸಿದ. ತುಂಬುನೀರು ಹರಿದುಹೋಗುವ ಕೋಡಿಗೆ ‘ಕೀ’, ಕಾಲುವೆಗೆ ‘ಸಿಗ್ನಿಫಿಕೆಂಟ್’. ನಾಲ್ಕನೇ ಪ್ಯಾರಾಕ್ಕೆ ಇಳಿದಿದ್ದ ಏರಿಯ ಪಾಲಿಗೆ ಉಳಿದದ್ದು ‘ನೋಟಬಲ್’.

ಪಿಯಸೀಲಿ ಅವನ ಕೋಣೆಗೆ ಹೋಗಿ, ಈ ಮಾತು ಹೀಗೇ ಹೋದರೆ ಏರಿಯ ರಿಪೇರಿ ಈ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ ಎಂದು ಹೇಳಿದರು. ಅವನು ನಕ್ಕನಂತೆ. ಎಲ್ಲವಕ್ಕೂ ಒಂದೇ ಅರ್ಥ, ಕೋಶದಲ್ಲೇ ಇದೆ ನೋಡು ಎಂದು ಪುಟ ತೋರಿಸಿದನಂತೆ. ನನಗೂ ವಿಷಯ ಗೊತ್ತಿತ್ತು. ಆ ಜಿನುಗಿನ ನಕ್ಷೆ ಬರೆದವನೇ ನಾನು. ನಾನು ಮೀನಿನ ಬನ್ನು ತಿನ್ನುತ್ತಾ ಸುಮ್ಮನೆ ಕೂತಿದ್ದೆ. ಅತುಕೋರಲನ ಮೇಲಿರುವ ಅಸಹ್ಯದಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

ಜೂನ್‌ನಲ್ಲಿ ಇಲಾಖೆಯ ಸಭೆ. ಕಾರ್ಯದರ್ಶಿ, ಅಧಿಕಾರಿಗಳು, ಪೆನ್ಸಿಲ್ ಗುಮಾಸ್ತ. ಪ್ರತಿಗಳನ್ನು ಹಂಚಲು ಪಿಯಸೀಲಿಯನ್ನು, ನಕ್ಷೆಗಳನ್ನು ಹಿಡಿದು ನಿಲ್ಲಲು ನನ್ನನ್ನು ಕರೆದೊಯ್ದಿದ್ದರು. ಶಿವನೇಸನ್‌ನನ್ನು ಕರೆದಿರಲಿಲ್ಲ, ಅವನ ಬೂಟಿಗೆ ಮಣ್ಣು ಮೆತ್ತಿರುತ್ತದಲ್ಲ. ಗೋಪುರಕ್ಕೆ ಒಪ್ಪಿಗೆ ಸಿಕ್ಕಿತು. ಕೋಡಿ, ಕಾಲುವೆ ಮುಂದಿನ ವರ್ಷಕ್ಕೆ ಹೋದವು. ಗುಮಾಸ್ತ ನಾಲ್ಕನೆಯದನ್ನು ಓದಿ, ಗಮನಿಸಲಾಗಿದೆ ಎಂದು ಬರೆದುಕೊಂಡ. ಕಾರ್ಯದರ್ಶಿ ಪುಟ ತಿರುಗಿಸುವಷ್ಟರಲ್ಲಿ ಗೋಡೆ ಪಕ್ಕದ ಕುರ್ಚಿಯಿಂದ ಪಿಯಸೀಲಿ ಎದ್ದು ನಿಂತರು.

“ಸರ್, ನಾಲ್ಕನೆಯದರಲ್ಲಿ ಆ ಮಾತು ಬಿಟ್ಟು ಓದಿ. ಏರಿ ಬುಡದಲ್ಲಿ ಕದಡಿದ ನೀರು ಬರ್ತಿದೆ. ಅಕ್ಟೋಬರಿಗೆ ಮಳೆ. ಕೆಳಗೆ ನಲವತ್ತೊಂದು ಮನೆ ಇದೆ.”

ಕಾರ್ಯದರ್ಶಿ ಅತುಕೋರಲನ ಕಡೆ ತಿರುಗಿ ಇದು ನಿಜವೇ ಎಂದು ಕೇಳಿದ. ಅತುಕೋರಲ ಟೈ ಸರಿಮಾಡಿಕೊಂಡ.

“ಎಲ್ಲಾನೂ ಮುಖ್ಯಾನೇ ಸರ್. ಭಾಷೆ ಚೆನ್ನಾಗಿರ್ಲಿ ಅಂತ ಬೇರೆ ಬೇರೆ ಪದ ಹಾಕಿದೀವಿ, ಅಷ್ಟೇ.”

“ಎಲ್ಲಾನೂ ಮುಖ್ಯ ಆದ್ರೆ ನಾನು ಮೇಲಿಂದ ಶುರು ಮಾಡ್ತೀನಿ. ಮೇಲಿರೋದು ಗೋಪುರ” ಎಂದ ಕಾರ್ಯದರ್ಶಿ.

“ಏರಿ ಹೋದ್ರೆ ಗೋಪುರದ ಮೇಲೆ ನಿಂತು ಏನು ನೋಡ್ತೀರಿ ಸರ್?” ಎಂದರು ಪಿಯಸೀಲಿ. ದನಿ ಏರಿಸಲಿಲ್ಲ. ನನ್ನ ಕೈಯಲ್ಲಿದ್ದ ಜಿನುಗಿನ ನಕ್ಷೆ ಎಳೆದುಕೊಂಡು ಕಾರ್ಯದರ್ಶಿಯ ಎದುರು ಹಾಸಿದರು.

ಅವನಿಗೆ ನಲವತ್ತೊಂದು ಮನೆ ಹೊಳೆಯಿತೋ, ನೀರಿಲ್ಲದ ಕೆರೆಯ ಪಕ್ಕ ತನ್ನ ಹೆಸರಿನ ಗೋಪುರ ಹೊಳೆಯಿತೋ ನಾನರಿಯೆ. ಎರಡನೆಯದೇ ಇರಬೇಕು. ಸಂಜೆ ನಾಲ್ಕು ಗಂಟೆಯೊಳಗೆ ತಿದ್ದಿದ ಪುಟ ಬಂದರೆ ಸಹಿ ಹಾಕುತ್ತೇನೆ ಎಂದ. ಗುಮಾಸ್ತನೂ ಗಟ್ಟಿಯಾಗಿ ಹೇಳಿಬಿಟ್ಟ, ಸಭೆಯಲ್ಲಿ ಯಾರು ಏನಂದರೂ ತನಗೆ ಪುಟದಲ್ಲಿ ‘ಕ್ರಿಟಿಕಲ್’ ಎಂಬ ಮಾತು ಬೇಕು ಎಂದು. ಪಿಯಸೀಲಿ ಅಲ್ಲೇ ಯಾರದೋ ಕಂಪ್ಯೂಟರಿನ ಮುಂದೆ ಕೂತು ಏರಿಯನ್ನು ಮೊದಲಿಗೆ ತಂದು ‘ಕ್ರಿಟಿಕಲ್’ ಹಾಕಿದರು. ಗೋಪುರಕ್ಕೆ ಯಾವ ಮಾತನ್ನೂ ಹಾಕಲಿಲ್ಲ, ‘ಕಟ್ಟಬಹುದು’ ಎಂದು ಬರೆದು ಬಿಟ್ಟರು.

ಆಗಸ್ಟಿನಲ್ಲಿ ಕೆಲಸ ಶುರುವಾಗಿ ಸೆಪ್ಟೆಂಬರಿಗೆ ಮುಗಿಯಿತು. ಆ ಹೊತ್ತಿಗೆ ಪಿಯಸೀಲಿ ತಿದ್ದುವ ಮೇಜಿನಲ್ಲಿರಲಿಲ್ಲ. ಸಭೆಯ ಮಾರನೆಯ ದಿನವೇ ಅತುಕೋರಲ ಅವರನ್ನು ಕೆಳಗಿನ ಬೈಂಡಿಂಗ್ ಕೋಣೆಗೆ ಹಾಕಿದ್ದ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಕಿಟಕಿಯಿಲ್ಲದ ಆ ಗೂಡಿನಲ್ಲಿ ಕೂತು ಅವರು ವರದಿಗಳಿಗೆ ತೂತು ಹೊಡೆಯುತ್ತಿದ್ದರು. ಮೇಲೆ ವರದಿಗಳು ಅವನ ಕೋಶದ ಬಣ್ಣಬಣ್ಣದ ಮಾತುಗಳಲ್ಲಿ ಮಿಂಚುತ್ತಿದ್ದವು.

ಮಳೆ ಬಂತು, ಕೆರೆ ತುಂಬಿತು, ಏರಿ ನಿಂತಿತು. ಮಾರ್ಚಿನಲ್ಲಿ ಗಲ್ಕಿರಿಯವೆವದಿಂದ ರೈತ ಸಂಘದ ಮುದಿಯನ್ಸೆ ಎಂಬ ಮುದುಕ ಹೊಸ ಅಕ್ಕಿಯ ಒಂದು ಮೂಟೆ ಹೊತ್ತು ಬಸ್ಸಿನಲ್ಲಿ ಬಂದ. ಏರಿ ಉಳಿಸಿದ ದೊರೆಗೆ ಕೊಡಬೇಕು ಎಂದ. ವರದಿಯ ರಕ್ಷಾಪುಟದಲ್ಲಿದ್ದ ಹೆಸರೊಂದೇ ಅವನಿಗೆ ಗೊತ್ತಿದ್ದದ್ದು. ಅತುಕೋರಲ ಕೋಣೆಯಿಂದ ಹೊರಬಂದು ಎರಡೂ ಕೈ ಚಾಚಿ ಮುದುಕ ಗೌರವಕ್ಕೆಂದು ತಂದಿದ್ದ ವೀಳ್ಯದೆಲೆ ಇಸಕೊಂಡ, ನಮಸ್ಕಾರ ಮಾಡಿಸಿಕೊಂಡ. ನಾಚಿಕೆಯ ಸುಳಿವು ಆ ಮುಖದಲ್ಲಿ ಹುಡುಕಿದೆ, ಇರಲಿಲ್ಲ.

ಮೂಟೆಯನ್ನು ಅವನ ಕಾರಿಗೆ ಹಾಕುವ ಕೆಲಸ ನನ್ನದಾಯಿತು. ಬೈಂಡಿಂಗ್ ಕೋಣೆಯ ಮುಂದೆ ಹಾದುಹೋಗುವಾಗ ಪಿಯಸೀಲಿ ಬಾಗಿಲಿಗೆ ಬಂದರು. ನಾನು ಮೂಟೆ ಇಳಿಸಿ, ಇದು ನಿಮ್ಮದು ಅಕ್ಕಾ, ಈಗಲೇ ಮೇಲೆ ಹೋಗಿ ಹೇಳುತ್ತೇನೆ ಎಂದೆ. ಹತ್ತು ತಿಂಗಳು ತಡವಾಗಿ ಬಂದ ಧೈರ್ಯ. ಅವರು ಮೂಟೆಯ ಬಾಯಿ ಸಡಿಲಿಸಿ ಒಂದು ಹಿಡಿ ಅಕ್ಕಿ ತೆಗೆದು, ಮೂಸಿ, ಮತ್ತೆ ಒಳಗೆ ಸುರಿದರು.

“ಬೆಳೆ ಬಂದಿದೆ ಮಲ್ಲಿ. ತಗೊಂಡೋಗಿ ಹಾಕು ಅವನ ಕಾರಿಗೆ” ಎಂದು, ಸಿಂಹಳದಲ್ಲಿ ತಮ್ಮನನ್ನು ಕರೆಯುವ ಮಾತಿನಲ್ಲೇ ನನ್ನನ್ನು ಕರೆದು ಹೇಳಿ ಒಳಗೆ ಹೋದರು. ನಾನು ಹಾಕಿ ಬಂದೆ.