ರಾಯಿಸಾ ಯೆಗೊರೊವ್ನಾಗೆ ಬಂದ ಮರ್ಯಾದೆಯ ಕಾಗದ

ರಷ್ಯಾದ ಇವಾನೊವೊ ಊರಿನಲ್ಲಿ ಇಪ್ಪತ್ತೆರಡು ಚಳಿಗಾಲ ಪ್ಲಂಬರ್ ಕೆಲಸ ಮಾಡಿದವನು ನಾನು. ಒಡೆದ ಪೈಪು ನನ್ನ ತಲೆ ಕೆಡಿಸುವುದಿಲ್ಲ. ಕೆಡಿಸುವುದು ಒಡೆಯದ ಪೈಪು. ನಾಲ್ಕನೇ ನಂಬರಿನ ಐದು ಮಹಡಿ ಕಟ್ಟಡದಿಂದ ಆ ಡಿಸೆಂಬರಿನಲ್ಲಿ ಮೂರು ಸಲ ಕರೆ ಬಂತು. ಮೂರು ಸಲವೂ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ, ಮೂರು ಸಲವೂ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. "ದೋಷವಿಲ್ಲ" ಎಂದು ಬರೆದು ಬಂದೆ. ನಾಲ್ಕನೇ ಕರೆ ಬಂದಾಗ ನಮ್ಮ ಕಚೇರಿಯಲ್ಲಿ ಫೋನೆತ್ತುವ ಹೆಂಗಸಿನ ಮೇಲೆ ರೇಗಿದೆ.

ಈ ಸಲ ಕರೆದವಳು ರಾಯಿಸಾ ಯೆಗೊರೊವ್ನಾ. ಮೂವತ್ತೆರಡು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದವಳು. ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿದೆ, ಆದ್ದರಿಂದ ಮಾತೆಲ್ಲ ಕೂಗಿಯೇ. ಇಡೀ ಮೆಟ್ಟಿಲಸಾಲಿಗೆ ಅವಳೇ ಪೊಲೀಸು: ಯಾರು ಬೂಟು ಒರೆಸಲಿಲ್ಲ, ಯಾರ ನಾಯಿ ಎಲ್ಲಿ ಉಚ್ಚೆ ಹೊಯ್ದಿತು, ಎಲ್ಲ ಅವಳ ಬಾಯಲ್ಲಿ. ವಾಸ ಐದನೇ ಮಹಡಿಯಲ್ಲಿ. ತೀರಿಕೊಂಡ ತಂಗಿಯ ಒಂದು ಕೋಣೆಯ ಮನೆ ಎರಡನೇ ಮಹಡಿಯಲ್ಲಿದೆ. ಅದನ್ನು ಮಡಗಾಸ್ಕರಿನಿಂದ ಬಂದು ರಸಾಯನಶಾಸ್ತ್ರ ಓದುತ್ತಿದ್ದ ಫಾಂಜಾ ಎಂಬ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದಳು.

ಆ ದಿನ ನನ್ನನ್ನು ಕರೆಸಿದ್ದು ರಿಪೇರಿಗಲ್ಲ. ಫಾಂಜಾಳ ಕೋಣೆಯ ನಡುವೆ ಕೋಟು ಹಾಕಿಕೊಂಡೇ ನಿಂತಿದ್ದಳು ರಾಯಿಸಾ.

"ಗೆನಾ, ಮುಟ್ಟಿ ನೋಡು. ಬಿಸಿ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ತಪಾಸಣೆ ಪತ್ರ ಬರಿ. ಮೊಹರು ಇರಲಿ. ಶನಿವಾರ ಇವಳು ಖಾಲಿ ಮಾಡ್ತಾಳೆ."

ಹುಡುಗಿ ಕಿಟಕಿ ಪಕ್ಕ ಎರಡು ಸ್ವೆಟರು ತೊಟ್ಟು ನಿಂತಿದ್ದಳು. ಪರದೇಶದವರು ಸರ್ಕಾರದಲ್ಲಿ ಮಾಡಿಸಲೇಬೇಕಾದ ನೋಂದಣಿ ಅವಳಿಗೆ ಈ ಮನೆಯ ವಿಳಾಸದಲ್ಲಿ ಆಗಿತ್ತು. ಮನೆ ಹೋದರೆ ಆ ನೋಂದಣಿಯೂ ಹೋಗುತ್ತದೆ, ವಾರದೊಳಗೆ ಬೇರೆ ಮನೆಯವರು ಮಾಡಿಸಿಕೊಡಬೇಕು. ಜನವರಿಯ ಪರೀಕ್ಷೆ ಹೊತ್ತಿನಲ್ಲಿ ಪರದೇಶದ ಹುಡುಗಿಗೆ ಅಂಥವರು ಎಲ್ಲಿ ಸಿಗಬೇಕು? ಇದೆಲ್ಲ ನನಗೆ ಗೊತ್ತಿತ್ತು. ಆದರೂ ಪೆನ್ನು ತೆಗೆದೆ. ನನಗೂ ಸಾಕಾಗಿತ್ತು.

"ಅಷ್ಟೊಂದು ಏನು ಮಾಡಿದಳು?" ಎಂದೆ.

"ಕಾಗದ ಬರೆದಿದ್ದಾಳೆ. ನನಗೆ! ಮೂರು ಮಹಡಿ ಹತ್ತಿ ಬಂದು, ಚಹಾ ಕುಡಿದು, ಅಜ್ಜಿ, ಚಳಿಯಾಗುತ್ತೆ ಅಂದಿದ್ರೆ ಬಾಯಿ ಸವೆದು ಹೋಗ್ತಿತ್ತಾ? ತಾರೀಖು ಹಾಕಿ, ಸಹಿ ಹಾಕಿ, ಟೈಪ್ ಮಾಡಿ ಕೊಡ್ತಾಳೆ. ಇದರ ಇನ್ನೊಂದು ಪ್ರತಿ ಯಾವ ಆಫೀಸಿಗೆ ಹೋಗಿದೆಯೋ ಯಾರಿಗೆ ಗೊತ್ತು."

ಅವಳ ಸಿಟ್ಟು ನನಗೆ ಅರ್ಥವಾಗದ್ದಲ್ಲ. ನಮ್ಮಲ್ಲಿ ಜಗಳವೆಲ್ಲ ಬಾಯಲ್ಲೇ ಮುಗಿಯುತ್ತದೆ. ತಾರೀಖು ಹಾಕಿದ ಕಾಗದ ಬಂತೆಂದರೆ ಹಿಂದೆ ಕೋರ್ಟೋ ತೆರಿಗೆಯವರೋ ಇದ್ದಾರೆ ಎಂದೇ ಲೆಕ್ಕ. ಅದರಲ್ಲೂ ಬಾಡಿಗೆಗೆ ಕೊಟ್ಟವರ ಎದೆ ಸದಾ ಡವಡವ ಅನ್ನುತ್ತಿರುತ್ತದೆ. ಕಾಗದ ಇಸಿದುಕೊಂಡು ಓದಿದೆ.

"ಮಾನ್ಯ ರಾಯಿಸಾ ಯೆಗೊರೊವ್ನಾ ಅವರೇ, ತಮ್ಮ ಮನೆಯಲ್ಲಿ ಇರಲು ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞಳು. ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೋರುತ್ತೇನೆ. ರಾತ್ರಿ ಹೊತ್ತು ರೇಡಿಯೇಟರ್ ತಣ್ಣಗಾಗುತ್ತಿದೆ. ರಾತ್ರಿ ಹದಿನೈದು ಡಿಗ್ರಿಗೆ ಇಳಿಯಲು ನಿಯಮದಲ್ಲಿ ಅವಕಾಶವಿದೆ ಎಂದು ಓದಿದ್ದೇನೆ, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಬೆಳಗಿನ ಆರಕ್ಕೆ ಹದಿಮೂರು ಇರುತ್ತದೆ. ಸಾಧ್ಯವಾದರೆ ದಯವಿಟ್ಟು ಗಮನಿಸಬೇಕೆಂದು ವಿನಂತಿ."

ಕೆಳಗೆ ಮೂರು ವಾರದ ಪಟ್ಟಿ. ರಸಾಯನದ ಹುಡುಗಿಯಲ್ಲವೇ, ಗಂಟೆ ಗಂಟೆಗೂ ಅಳೆದಿದ್ದಳು. ಮಧ್ಯಾಹ್ನ ಇಪ್ಪತ್ತು, ರಾತ್ರಿ ಹತ್ತಕ್ಕೆ ಹತ್ತೊಂಬತ್ತು, ಎರಡಕ್ಕೆ ಹದಿನೈದು, ಆರಕ್ಕೆ ಹದಿಮೂರು, ಎಂಟಕ್ಕೆ ಮತ್ತೆ ಏರಿಕೆ. ದಿನವೂ ಹಾಗೇ. ಹದಿನಾಲ್ಕು, ಹದಿನೈದನೇ ತಾರೀಖು ಮಾತ್ರ ರಾತ್ರಿಯಿಡೀ ಇಪ್ಪತ್ತು. ಪಕ್ಕದಲ್ಲಿ ಬರೆದಿದ್ದಳು: "ಈ ಎರಡು ರಾತ್ರಿಗಳಿಗಾಗಿ ತಮಗೆ ವಿಶೇಷ ಧನ್ಯವಾದ."

ಬಾಯ್ಲರು ಕೆಟ್ಟರೆ ಗಡಿಯಾರ ನೋಡಿ ಕೆಡುವುದಿಲ್ಲ. ಪೈಪಿನೊಳಗೆ ಸೇರಿದ ಗಾಳಿ ಬೆಳಿಗ್ಗೆ ಏಳಕ್ಕೆ ಎದ್ದು ಹೋಗುವುದಿಲ್ಲ. ಇದು ಮನುಷ್ಯರ ಕೈಯ ಕೆಲಸ. ಮೂರು ಸಲ ಬಂದು ಮೂರು ಸಲವೂ ಹಗಲಲ್ಲೇ ಮುಟ್ಟಿ ಹೋದ ನನ್ನ ಬುದ್ಧಿಗಿಷ್ಟು.

"ರಾಯಿಸಾ ಯೆಗೊರೊವ್ನಾ, ಹದಿನಾಲ್ಕನೇ ತಾರೀಖು ಎಲ್ಲಿದ್ರಿ?"

"ಕಿನೆಶ್ಮಾದಲ್ಲಿ, ಮಗಳ ಮನೇಲಿ. ಎರಡು ರಾತ್ರಿ. ಅದಕ್ಕೂ ಇದಕ್ಕೂ ಏನು?"

"ನಡೀರಿ ನಿಮ್ಮ ಮನೆಗೆ."

ಆ ಕಟ್ಟಡದಲ್ಲಿ ಬಿಸಿನೀರು ನೆಲಮಾಳಿಗೆಯಿಂದ ಒಂದು ಪೈಪಿನಲ್ಲಿ ಮೇಲೇರಿ, ಐದನೇ ಮಹಡಿಯ ರೇಡಿಯೇಟರಿನ ಮೂಲಕ ತಿರುಗಿ, ಇನ್ನೊಂದು ಪೈಪಿನಲ್ಲಿ ಇಳಿದು ಬರುತ್ತದೆ. ಅವಳ ಕಿಟಕಿಯ ಕೆಳಗೆ ಹೊಸ ಬಿಳಿ ರೇಡಿಯೇಟರ್ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಅಳಿಯ ಕೂರಿಸಿದ್ದು. ಎರಡು ಪೈಪನ್ನೂ ಸೇರಿಸುವ ಅಡ್ಡಪೈಪನ್ನು ಆ ಮಹರಾಯ ಕತ್ತರಿಸಿ ಎಸೆದಿದ್ದ, ರೇಡಿಯೇಟರಿಗೆ ನೀರು ಬರುವ ಕಡೆ ತಿರುಗಿಸಿ ಮುಚ್ಚುವ ನಲ್ಲಿ ಇಟ್ಟಿದ್ದ.

"ಈ ನಲ್ಲಿ ಯಾವಾಗ ಮುಚ್ತೀರಿ?"

"ಮಲಗುವಾಗ. ಸೆಕೆ ತಡಿಯೋಕಾಗಲ್ಲ. ಮೂವತ್ತೆರಡು ವರ್ಷ ಆ ಗಿರಣಿ ಹಬೆಯಲ್ಲಿ ಬೆಂದಿದ್ದೀನಿ, ರಾತ್ರಿಯಾದ್ರೂ ತಣ್ಣಗೆ ಮಲಗ್ತೀನಿ. ನನ್ನ ಮನೆ, ನನ್ನ ನಲ್ಲಿ."

"ನಲ್ಲಿ ನಿಮ್ಮದು. ಅದರೊಳಗೆ ಹರಿಯೋ ನೀರು ಹತ್ತು ಕೋಣೆಯದ್ದು. ನೀವು ಮುಚ್ಚಿದ್ರೆ ನೀರು ತಿರುಗೋಕೆ ಬೇರೆ ದಾರಿಯೇ ಇಲ್ಲ. ಕೆಳಗೆ ಎಲ್ಲರೂ ಕರೆಂಟ್ ಹೀಟರ್ ಇಟ್ಕೊಂಡು ನನಗೆ ಬೈತಿದ್ದಾರೆ. ನಿಮ್ಮ ಬಾಡಿಗೆಯವಳು ನಿಮ್ಮ ಕೈಯಿಂದಲೇ ನಡುಗ್ತಿದ್ದಾಳೆ."

ಅವಳು ಕೂಗುತ್ತಾಳೆ ಎಂದು ಕಾದೆ. ಅವಳು ಸ್ಟೂಲು ಎಳೆದು ಕೂತು ಆ ನಲ್ಲಿಯನ್ನೇ ನೋಡಿದಳು. ನಾನು ವೆಲ್ಡರನಿಗೆ ಫೋನು ಮಾಡಿದೆ. ನೆಲಮಾಳಿಗೆಯಲ್ಲಿ ಆ ಸಾಲಿನ ನೀರು ನಿಲ್ಲಿಸಿ, ಖಾಲಿ ಮಾಡಿ, ಅಡ್ಡಪೈಪು ಬೆಸೆದೆವು. ಇನ್ನು ಅವಳು ಬೇಕಾದಷ್ಟು ಮುಚ್ಚಿಕೊಳ್ಳಲಿ, ನೀರು ಪಕ್ಕದಿಂದ ಹೋಗುತ್ತದೆ. ನೀರು ತುಂಬಿಸಿ, ಗಾಳಿ ಬಿಟ್ಟು, ಕೆಳಗಿಳಿದು ಫಾಂಜಾಳ ರೇಡಿಯೇಟರ್ ಮುಟ್ಟಿ ನೋಡಿದೆ.

"ಯಾರ ತಪ್ಪು ಅಂತ ನಿನಗೆ ಗೊತ್ತಿತ್ತು, ಅಲ್ವಾ?" ಎಂದೆ.

"ಪೈಪಿನಲ್ಲಿ ಸದ್ದು ಇಳಿದು ಬರುತ್ತೆ. ದಿನಾ ಹತ್ತೂವರೆಗೆ ಮೇಲೆ ನಲ್ಲಿ ಕಿರುಗುಟ್ಟುತ್ತೆ. ಅವರಿಗೆ ಕೇಳಿಸಲ್ಲ."

"ಮತ್ತೆ ನೇರವಾಗಿ ಹೇಳೋದಕ್ಕೇನು ಕಷ್ಟ? ಬೀದಿಗೆ ಬೀಳ್ತಿದ್ದೆ."

"ಹಿರಿಯರ ಮುಖದ ಮೇಲೆ ನೀವೇ ಮಾಡಿದ್ದು ಅನ್ನಬಾರದು. ಹೇಳಿದ್ರೆ ಇಲ್ಲ ಅಂತಿದ್ರು. ಒಮ್ಮೆ ಇಲ್ಲ ಅಂದ ಮೇಲೆ ಆ ನಲ್ಲಿ ಮುಚ್ಚೋದು ನಿಲ್ಲಿಸೋಕೆ ಅವರಿಗೇ ಕಷ್ಟ ಆಗ್ತಿತ್ತು. ಗಂಟೆ ಬರೆದುಕೊಟ್ಟರೆ ಅವರೇ ನೋಡಿಕೊಂಡು, ಯಾರಿಗೂ ಹೇಳದೆ ಮುಚ್ಚೋದು ನಿಲ್ಲಿಸ್ತಾರೆ ಅಂದುಕೊಂಡೆ."

ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ರಾಯಿಸಾ ಬಂದಳು. ಕೋಟಿಲ್ಲ, ಮನೆಯ ಚಪ್ಪಲಿ, ಕೈಯಲ್ಲಿ ಅದೇ ಕಾಗದ. ಮೇಜಿನ ಮೇಲಿಟ್ಟಳು.

"ಕಾಗದಕ್ಕೆ ಉತ್ತರ ಕೊಡಬೇಕಂತೆ. ನನಗೆ ಈ ಥರ ಬರೆಯೋಕೆ ಬರಲ್ಲ. ನೀನೇ ಬರಿ, ನಾನು ಸಹಿ ಹಾಕ್ತೀನಿ."

ಹುಡುಗಿ ಕೂತು, ತನಗೆ ತಾನೇ ಕಾಗದ ಬರೆದಳು. ಬರೆದದ್ದನ್ನು ಓದಿದಳು: "ಮಾನ್ಯ ಫಾಂಜಾ ಅವರೇ, ತಮ್ಮ ಪತ್ರ ತಲುಪಿತು. ದೋಷ ಪತ್ತೆಯಾಗಿ ಸರಿಪಡಿಸಲಾಗಿದೆ. ತಾವು ಓದು ಮುಗಿಯುವವರೆಗೆ ಇಲ್ಲೇ ಇರಬಹುದು..." ಇಲ್ಲಿಗೆ ಬಂದು ತಲೆಯೆತ್ತಿದಳು, ಸರಿಯೇ ಎಂಬಂತೆ.

"ಇರಬಹುದು ಅಲ್ಲ, ಇರಬೇಕು ಅಂತ ಹಾಕು," ಎಂದಳು ರಾಯಿಸಾ. "ಆಮೇಲೆ, ಶನಿವಾರ ಖಾಲಿ ಮಾಡು ಅಂದೆನಲ್ಲ, ಅದಕ್ಕೆ ತಪ್ಪಾಯ್ತು ಅಂತ ಬರಿ."

ಫಾಂಜಾ ಪೆನ್ನು ಕೆಳಗಿಟ್ಟಳು.

"ಕ್ಷಮಿಸಿ, ರಾಯಿಸಾ ಯೆಗೊರೊವ್ನಾ. ಅದನ್ನ ನಾನು ಬರೆಯಲ್ಲ. ಅದು ನಿಮ್ಮ ಕೈಬರಹದಲ್ಲೇ ಇರಲಿ."

ಮುದುಕಿ ಜೇಬಿನಲ್ಲಿ ಕನ್ನಡಕ ಹುಡುಕಿ, ಕುರ್ಚಿ ಎಳೆದುಕೊಂಡು, ಮಗ್ಗ ಹಿಡಿದು ದಪ್ಪಗಾದ ಬೆರಳುಗಳಿಂದ ಒಂದೊಂದೇ ಅಕ್ಷರ ಒತ್ತಿ ಬರೆದಳು.